ಹೆಲಿಕೋಬ್ಯಾಕ್ಟರ್ ಲೇಖನಕ್ಕೆ ಉತ್ತರ: ನೀವು ಬಾಗಿಲನ್ನೇ ಬಿಟ್ಟಿದ್ದೀರಿ

‘ಸರ್, ಲೇಖನ ಕಳಿಸಿದ್ದೇನೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಯೂರಿಯಾ ಒಡೆಯುವ ಯೂರಿಯೇಸ್ ಕಿಣ್ವದಿಂದ ಹೊಟ್ಟೆಯ ಆಮ್ಲವನ್ನು ಸೋಲಿಸುವುದು ಹೇಗೆ ಅನ್ನೋದೇ ವಿಷಯ. ಕೊನೆಯಲ್ಲಿ ನಮ್ಮ ಸೋದರಮಾವನ ಅನುಭವ ಸೇರಿಸಿದ್ದೇನೆ. ಮೂರು ತಿಂಗಳಿಂದ ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ತಾ ಇದ್ದರು. ಉಸಿರಿನ ಪರೀಕ್ಷೆ ನೆಗೆಟಿವ್ ಬಂತು, ಬ್ಯಾಕ್ಟೀರಿಯಾ ಇಲ್ಲ ಅಂತ ಖಾತ್ರಿ ಆಯಿತು. ಪ್ರಕಟಣೆಗೆ ಆಗುತ್ತಾ? ಮುಚ್ಚುಮರೆ ಇಲ್ಲದೆ ಹೇಳಿ.’

ನಮಸ್ಕಾರ.

ನಿಮ್ಮ ಭಾಷೆ ತಿಳಿಯಾಗಿದೆ. ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಅವರ ಕಥೆಯನ್ನು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ, ಅದಕ್ಕೆ ಥ್ಯಾಂಕ್ಸ್. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನೇ ಕುಡಿದದ್ದನ್ನು ಮೂರು ಪುಟ ಎಳೆಯುವವರ ಲೇಖನ ಓದಿ ಓದಿ ಸಾಕಾಗಿದೆ. ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಎರಡಕ್ಕೂ ಬೇರು ಒಂದೇ.

ಎರಡನೇ ಪುಟದಲ್ಲಿ ಬರೆದಿದ್ದೀರಿ: ‘ಯೂರಿಯೇಸ್ ಉಗುಳುವ ಅಮೋನಿಯಾಕ್ಕೆ ಜಠರದ ಆಮ್ಲ ನೀರಾಗಿಬಿಡುತ್ತದೆ.’ ಬರೆಯುವ ಮುಂಚೆ ಲೆಕ್ಕ ಹಾಕಿದ್ದಿರಾ? ಖಾಲಿ ಹೊಟ್ಟೆಯ ಜಠರರಸದ ಪಿಎಚ್ 1.5 ಎನ್ನೋಣ. ಅಂದರೆ ಲೀಟರಿಗೆ ಸುಮಾರು 32 ಮಿಲಿಮೋಲ್ ಹೈಡ್ರೋಜನ್ ಅಯಾನು. ಅದೇ ರಸದಲ್ಲಿ ಯೂರಿಯಾ ಇರುವುದು ಲೀಟರಿಗೆ ಕೆಲವೇ ಮಿಲಿಮೋಲ್, 3 ಎಂದಿಟ್ಟುಕೊಳ್ಳಿ. ಒಂದು ಯೂರಿಯಾ ಒಡೆದರೆ ಎರಡು ಅಮೋನಿಯಾ, ಒಂದು ಇಂಗಾಲದ ಡೈಆಕ್ಸೈಡ್. ಒಂದೊಂದು ಅಮೋನಿಯಾ ಹಿಡಿಯುವುದು ಒಂದೊಂದು ಹೈಡ್ರೋಜನ್ ಅಯಾನನ್ನು. ಇದ್ದಬದ್ದ ಯೂರಿಯಾ ಎಲ್ಲ ಒಡೆದರೂ 32ರಲ್ಲಿ 6 ಹೋಗಿ 26 ಉಳಿಯಿತು. ಪಿಎಚ್ 1.5 ಇದ್ದದ್ದು 1.6 ಆಯಿತು, ಅಷ್ಟೇ. ಅಷ್ಟರೊಳಗೆ ಜಠರ ಇನ್ನಷ್ಟು ಆಮ್ಲ ಸುರಿಸಿರುತ್ತದೆ.

ಹೊಟ್ಟೆಯ ಆಮ್ಲದ ಉಸಾಬರಿಗೆ ಈ ಬ್ಯಾಕ್ಟೀರಿಯಾ ಹೋಗುವುದೇ ಇಲ್ಲ. ಅದು ತನ್ನ ಮೈಯನ್ನಷ್ಟೇ ನೋಡಿಕೊಳ್ಳುತ್ತದೆ. ಅದಕ್ಕೆ ಎರಡು ಪೊರೆ, ನಡುವೆ ಕಿರಿದಾದ ಒಂದು ಸಂದು. ಯೂರಿಯಾ ಜೀವಕೋಶದ ಒಳಗೆ ಬಂದು ಒಡೆಯುತ್ತದೆ, ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಹೊರಗಿನ ಸಂದಿಗೆ ಸೋರುತ್ತವೆ. ಅಲ್ಲಿ ಇನ್ನೊಂದು ಕಿಣ್ವ ಆ ಡೈಆಕ್ಸೈಡನ್ನು ಬೈಕಾರ್ಬನೇಟ್ ಮಾಡುತ್ತದೆ. ಇವೆರಡೂ ಸೇರಿ ಸಂದಿನ ಪಿಎಚ್ ಅನ್ನು 6ರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಜಠರದ ನಡುವೆ ಈಜಿ, ಗೋಡೆಗೆ ಅಂಟಿದ ಲೋಳೆಯೊಳಗೆ ನುಸುಳುವವರೆಗೆ ಬದುಕಿದ್ದರೆ ಸಾಕು. ಲೋಳೆಯ ತಳದಲ್ಲಿ ಆಮ್ಲ ಎಷ್ಟೋ ಕಡಿಮೆ.

ಅದರ ಬೆನ್ನಿಗೇ ಬರುವ ಸಾಲು: ‘ಯೂರಿಯೇಸ್ ಹಗಲಿರುಳೂ ದುಡಿಯುತ್ತಲೇ ಇರುತ್ತದೆ.’ ನನ್ನನ್ನು ಹೆಚ್ಚು ಕೆಣಕಿದ್ದು ಇದು. ಕಿಣ್ವದ ದಾಸ್ತಾನು ಸದಾ ಇರುತ್ತದೆ ನಿಜ. ಆ ಜೀವಕೋಶದ ಪ್ರೋಟೀನಿನಲ್ಲಿ ಹತ್ತರಲ್ಲೊಂದು ಪಾಲಿನವರೆಗೆ ಯೂರಿಯೇಸೇ ಇರಬಹುದು. ಆದರೆ ಅದು ಬಿಡುವಿಲ್ಲದೆ ದುಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆಮ್ಲವಿಲ್ಲದ ದ್ರವದಲ್ಲಿ ಬೇಕಾದಷ್ಟು ಯೂರಿಯಾ ಕೊಟ್ಟು ಬಿಟ್ಟರೆ ತಾನೇ ಮಾಡಿದ ಅಮೋನಿಯಾದ ಕ್ಷಾರಕ್ಕೆ ಅದು ಬಲಿಯಾಗುತ್ತದೆ. ಹಾಗಾಗಿ ಒಳಪೊರೆಯಲ್ಲಿ ಯೂರಿಯಾಕ್ಕೆಂದೇ ಒಂದು ಬಾಗಿಲಿದೆ, ‘ಯೂರ್‌ಐ’ ಎಂಬ ಪ್ರೋಟೀನು. ಹೊರಗೆ ಆಮ್ಲ ಹೆಚ್ಚಿದರೆ ತೆರೆಯುತ್ತದೆ, ಪಿಎಚ್ 7ರ ಹತ್ತಿರ ಬಂದರೆ ಮುಚ್ಚುತ್ತದೆ. 2000ದಲ್ಲಿ ಲಾಸ್ ಏಂಜಲೀಸ್‌ನ ಜಾರ್ಜ್ ಸ್ಯಾಕ್ಸ್ ತಂಡ ಇದನ್ನು ತೋರಿಸಿತು. ಈ ಬಾಗಿಲನ್ನು ಕಿತ್ತ ತಳಿಗಳು ಪ್ರಯೋಗದ ಇಲಿಗಳ ಹೊಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ, ಯೂರಿಯೇಸ್ ಇದ್ದೂ. ನಿಮ್ಮ ಇಡೀ ಲೇಖನದಲ್ಲಿ ಈ ಬಾಗಿಲಿನ ಸುದ್ದಿಯೇ ಇಲ್ಲ. ಅದಿಲ್ಲದ್ದರಿಂದಲೇ ಸೋದರಮಾವನ ಪ್ಯಾರಾ ಹಾಳಾಗಿದೆ.

ಪತ್ರಿಕೆಗೆ ಬರುವ ಮುಂಚೆ ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಕಲಿತವನು. ಎಂಡೋಸ್ಕೋಪಿ ರೂಮಿನಿಂದ ಅಕ್ಕಿಕಾಳಿಗಿಂತ ಸಣ್ಣ ಜಠರದ ಚೂರು ಬರುತ್ತಿತ್ತು. ಅದನ್ನು ಹಳದಿ ಜೆಲ್ಲಿನೊಳಗೆ ಒತ್ತಿಡುವುದು. ಜೆಲ್ಲಿನಲ್ಲಿ ಯೂರಿಯಾ ಮತ್ತು ಫೀನಾಲ್ ರೆಡ್ ಇರುತ್ತವೆ. ಯೂರಿಯೇಸ್ ಇದ್ದರೆ ಅಮೋನಿಯಾ ಹುಟ್ಟಿ ಹಳದಿ ಗುಲಾಬಿಗೆ ತಿರುಗುತ್ತದೆ. ಬ್ಯಾಕ್ಟೀರಿಯಾ ದಂಡಿಯಾಗಿದ್ದರೆ ಗಂಟೆ ಎರಡು ಗಂಟೆಯೊಳಗೇ ಗೊತ್ತಾಗುತ್ತಿತ್ತು. ನಮ್ಮ ಸೀನಿಯರ್ ಮೇಡಂ ಪ್ರತಿ ಸ್ಲೈಡಿನ ಮೇಲೂ ಇಟ್ಟ ಹೊತ್ತು ಬರೆಸುತ್ತಿದ್ದರು. 24 ಗಂಟೆ ದಾಟಿ ಬಣ್ಣ ತಿರುಗಿದರೆ ಪಾಸಿಟಿವ್ ಅಂತ ಬರೆಯಲು ಬಿಡುತ್ತಿರಲಿಲ್ಲ. ಪ್ರೋಟಿಯಸ್‌ನಂಥ ಬೇರೆ ಬ್ಯಾಕ್ಟೀರಿಯಾಗಳಿಗೂ ಯೂರಿಯೇಸ್ ಇದೆ, ಅವು ತಡವಾಗಿ ಆದರೂ ಬಣ್ಣ ತಿರುಗಿಸಬಲ್ಲವು. ಹಳದಿಯಾಗೇ ಉಳಿದರೆ ಇನ್ನೊಂದು ಕಾಟ. ರೋಗಿ ಯಾವ ಮಾತ್ರೆ ತಗೊಳ್ತಿದ್ದಾರೆ ಎಂದು ಚೀಟಿಯಲ್ಲಿ ಇಲ್ಲದಿದ್ದರೆ ನನ್ನನ್ನು ವಾರ್ಡಿಗೆ ಅಟ್ಟುತ್ತಿದ್ದರು. ಅಲ್ಲಿ ಸಿಗುತ್ತಿದ್ದ ಉತ್ತರ ಹೆಚ್ಚುಕಮ್ಮಿ ಒಂದೇ: ‘ಮಾತ್ರೆ ಏನೂ ಇಲ್ಲಪ್ಪ, ಗ್ಯಾಸ್ಟ್ರಿಕ್‌ದು ಒಂದು, ಬೆಳಿಗ್ಗೆ ಎದ್ದು.’ ಆ ಒಂದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಕೆಳಗಿಳಿದು ಬಂದು ಹೇಳಿದರೆ ಮೇಡಂ ‘ನೆಗೆಟಿವ್’ ಪಕ್ಕ ಆ ಮಾತ್ರೆಯ ಹೆಸರನ್ನೂ ಬರೆಯುತ್ತಿದ್ದರು.

ಈಗ ನಿಮ್ಮ ಮಾವನ ಪರೀಕ್ಷೆಗೆ ಬರೋಣ. ಮೊದಲು ಒಂದು ಸಲ ಚೀಲಕ್ಕೆ ಉಸಿರು ಊದಿಸಿರುತ್ತಾರೆ. ಆಮೇಲೆ ಗುರುತಿಗೆಂದು ತುಸು ಭಾರದ ಇಂಗಾಲ, ಅಂದರೆ ಇಂಗಾಲ-13, ಬೆರೆತ ಯೂರಿಯಾ, ಸಾಮಾನ್ಯವಾಗಿ 75 ಮಿಲಿಗ್ರಾಂ, ಕುಡಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಊದಿಸಿರುತ್ತಾರೆ. ನಮ್ಮ ಜೀವಕೋಶಗಳಿಗೆ ಯೂರಿಯೇಸ್ ಇಲ್ಲ. ಜಠರದಲ್ಲಿ ಯೂರಿಯಾ ಒಡೆದರೆ ಆ ಇಂಗಾಲ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬೀಳುತ್ತದೆ, ಎರಡನೇ ಚೀಲದಲ್ಲಿ ಅದರ ಪಾಲು ಏರಿರುತ್ತದೆ. ಅರ್ಧ ಗಂಟೆ ಕಾಯುವುದಕ್ಕೆ ಕಾರಣವಿದೆ: ಬಾಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳೂ ಒಂದಿಷ್ಟು ಯೂರಿಯಾ ಒಡೆಯುತ್ತವೆ, ಆ ಗದ್ದಲ ಮೊದಲು ಇಳಿಯಬೇಕು. ಹಲವು ಕಡೆ ಯೂರಿಯಾದ ಜೊತೆ ಸಿಟ್ರಿಕ್ ಆಮ್ಲವನ್ನೂ ಕುಡಿಸುತ್ತಾರೆ. ಯಾಕೆ ಎಂದು ನೀವು ಕೇಳಿಕೊಂಡಿದ್ದರೆ ಬಾಗಿಲು ನಿಮಗೇ ಸಿಕ್ಕಿರುತ್ತಿತ್ತು. ಆಮ್ಲ ಇದ್ದರೆ ಯೂರ್‌ಐ ತೆರೆದಿರುತ್ತದೆ, ಯೂರಿಯಾ ಒಳಗೆ ಹೋಗುತ್ತದೆ. ಜೊತೆಗೆ ಹೊಟ್ಟೆ ಖಾಲಿಯಾಗುವುದೂ ನಿಧಾನವಾಗುತ್ತದೆ.

ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆ ಮಾಡುವುದು ಇದಕ್ಕೆ ತದ್ವಿರುದ್ಧ. ಜಠರದ ಆಮ್ಲ ಇಳಿಯುತ್ತದೆ, ಬಾಗಿಲು ಅರೆಬರೆ ಮುಚ್ಚುತ್ತದೆ. ಬ್ಯಾಕ್ಟೀರಿಯಾಗಳ ಸಂಖ್ಯೆಯೂ ತಗ್ಗುತ್ತದೆ. ಉಳಿದವು ಜಠರದ ಕೆಳಭಾಗ ಬಿಟ್ಟು ಮೇಲಕ್ಕೆ ಸರಿಯುತ್ತವೆ. ಎಂಡೋಸ್ಕೋಪಿಯಲ್ಲಿ ಎರಡೂ ಕಡೆಯಿಂದ ಚೂರು ತೆಗೆಯಬೇಕು ಎನ್ನುವುದು ಇದಕ್ಕೇ. ಮಲದ ಆಂಟಿಜೆನ್ ಪರೀಕ್ಷೆ ಯೂರಿಯೇಸನ್ನು ನೆಚ್ಚಿಕೊಂಡಿಲ್ಲ, ಆದರೂ ಬ್ಯಾಕ್ಟೀರಿಯಾ ಕಡಿಮೆಯಾದರೆ ಅದೂ ತಪ್ಪಬಹುದು. ರಕ್ತದ ಆಂಟಿಬಾಡಿ ಪರೀಕ್ಷೆಗೆ ಮಾತ್ರೆಯ ಅಡ್ಡಿ ಇಲ್ಲ, ಆದರೆ ರೋಗ ವಾಸಿಯಾದ ಮೇಲೂ ಅದು ಬಹುಕಾಲ ಪಾಸಿಟಿವ್ ತೋರಿಸುತ್ತಿರುತ್ತದೆ.

ಆದ್ದರಿಂದ ಮಾತ್ರೆಯ ನಡುವೆ ಬಂದ ಪಾಸಿಟಿವ್ ಅನ್ನು ನಂಬಬಹುದು, ನೆಗೆಟಿವ್ ಅನ್ನು ಹಾಗೆ ನಂಬುವಂತಿಲ್ಲ. ಉಸಿರಿನ ಪರೀಕ್ಷೆಗೆ ಎರಡು ವಾರ ಮೊದಲು ಈ ಬಗೆಯ ಮಾತ್ರೆ ನಿಲ್ಲಿಸಬೇಕು. ಆಂಟಿಬಯಾಟಿಕ್, ಬಿಸ್ಮತ್ ಆಗಿದ್ದರೆ ನಾಲ್ಕು ವಾರ. ನಿಲ್ಲಿಸುವುದನ್ನು ಅವರ ಡಾಕ್ಟರೇ ಹೇಳಬೇಕು, ಅದರಲ್ಲೂ ಹುಣ್ಣಿನಿಂದ ರಕ್ತ ಹೋದವರಾಗಿದ್ದರೆ. ಪರೀಕ್ಷೆಯ ದಿನ ಮಾವ ಮಾತ್ರೆ ನುಂಗಿದ್ದರೇ, ಅದು ಯಾವ ಮಾತ್ರೆ, ನಡುವೆ ಯಾವುದಾದರೂ ಆಂಟಿಬಯಾಟಿಕ್ ಕೋರ್ಸ್ ಆಗಿತ್ತೇ? ನಿಮ್ಮ ಲೇಖನದಲ್ಲಿ ಇದಾವುದೂ ಇಲ್ಲ.

ಎರಡನೇ ಪುಟವನ್ನು ಹೊಸದಾಗಿ ಬರೆಯಿರಿ. ರಿಪೋರ್ಟನ್ನು ಅವರ ಡಾಕ್ಟರಿಗೆ ತೋರಿಸಿ, ಮತ್ತೆ ಪರೀಕ್ಷೆ ಬೇಕೆಂದರೆ ಮಾಡಿಸಿ, ಮಾವನ ಪ್ಯಾರಾವನ್ನು ಆಮೇಲೆ ಕಳಿಸಿ. ಪಾಸಿಟಿವ್ ಬಂದರೂ ನೆಗೆಟಿವ್ ಬಂದರೂ ಹಾಕುತ್ತೇನೆ, ಮಾವ ಒಪ್ಪಿದರೆ.