ಒನ್ ಗ್ರಾಂ ಗೋಲ್ಡ್ ಬಳೆಯಲ್ಲಿ ಒಂದು ಗ್ರಾಂ ಚಿನ್ನ ಎಲ್ಲಿದೆ?

ಮನೆಯಿಂದಲೇ ವಾಟ್ಸಾಪ್‌ನಲ್ಲಿ ಬಳೆ, ಸರ ಮಾರ್ತೀನಿ ಮೇಡಂ. ಚಿಕ್ಕಪೇಟೆಯಿಂದ ತರ್ತೀನಿ. "ಒನ್ ಗ್ರಾಂ ಗೋಲ್ಡ್ ಬಳೆ, ನಾಲ್ಕರ ಸೆಟ್" ಅಂತ ಹಾಕಿದ್ದೆ. ತಗೊಂಡವರು ಒಂದು ಗ್ರಾಂ ಎಲ್ಲಿದೆ ತೋರಿಸಿ ಅಂತ ಜಗಳ ತೆಗೆದರು. ಎಲ್ಲರೂ ಹಾಗೇ ಬರೀತಾರಲ್ವಾ? ನಾನು ಹೇಗೆ ಬರೀಬೇಕು?
ರಾಜಾಜಿನಗರದ ಓದುಗರು

ಮೊದಲು ಅವರ ದುಡ್ಡು ವಾಪಸ್ ಕೊಡಿ. ಅವರು ಕೇಳಿದ್ದು ಸರಿಯಾಗೇ ಇದೆ. "ಎಲ್ಲರೂ ಹಾಗೇ ಬರೀತಾರೆ" ಅನ್ನೋ ಮಾತನ್ನು ನಾನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಕೇಳಿ ಕೇಳಿ ಸಾಕಾಗಿದೆ. ಇವತ್ತು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಿಮ್ಮ ಬಳೆ 2.6 ಸೈಜಿನದು ಅಂದುಕೊಳ್ಳಿ. 6 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ, ಕೆತ್ತನೆ ಇಲ್ಲದ ಬಳೆ. ಒಳಗೆ, ಹೊರಗೆ, ಎರಡು ಅಂಚು, ಎಲ್ಲ ಸೇರಿ ಒಂದು ಬಳೆಯ ಮೈ ಸುಮಾರು 30 ಚದರ ಸೆಂಟಿಮೀಟರ್. ನಾಲ್ಕು ಬಳೆಗೆ 120. ಪೇಟೆಯಲ್ಲಿ ಸಿಗುವ ಅಗ್ಗದ ಸೆಟ್‌ಗಳಿಗೆ ಕೊಡುವುದು ಫ್ಲ್ಯಾಶ್ ಪ್ಲೇಟಿಂಗ್. ಚಿನ್ನದ ದ್ರಾವಣದಲ್ಲಿ ಅದ್ದಿ ಕರೆಂಟ್ ಕೊಡುತ್ತಾರೆ, ಒಂದು ನಿಮಿಷವೂ ಹಿಡಿಯುವುದಿಲ್ಲ, ತೆಗೆಯುತ್ತಾರೆ. ಆಗ ಕೂರುವ ಚಿನ್ನದ ಪದರ 0.1 ಮೈಕ್ರಾನ್ ಅಥವಾ ಅದಕ್ಕಿಂತ ಕಮ್ಮಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದು ಅದರ ಹತ್ತನೇ ಒಂದು ಪಾಲು.

ಚಿನ್ನದ ಸಾಂದ್ರತೆ 19.3. ಆ ಲೆಕ್ಕದಲ್ಲಿ ನಾಲ್ಕು ಬಳೆಗೂ ಸೇರಿ ಹಿಡಿಯುವ ಚಿನ್ನ ಸುಮಾರು 23 ಮಿಲಿಗ್ರಾಂ. ಒಂದು ಗ್ರಾಮಿನ ನಲವತ್ತರಲ್ಲಿ ಒಂದು ಪಾಲೂ ಅಲ್ಲ. ನಿಜವಾಗಿ ಒಂದು ಗ್ರಾಂ ಕೂರಿಸಬೇಕು ಅಂದರೆ ಪದರ 4 ಮೈಕ್ರಾನ್ ದಾಟಬೇಕು. ಆ ಚಿನ್ನದ ಬೆಲೆಯೇ ನೀವು ಇಡೀ ಸೆಟ್ ಮಾರುವ ಬೆಲೆಗಿಂತ ಎಷ್ಟೋ ಜಾಸ್ತಿ ಆಗುತ್ತದೆ. ಕೆತ್ತನೆ ಇದ್ದರೆ ಮೈ ಇನ್ನೂ ಜಾಸ್ತಿ, ಲೆಕ್ಕ ಸ್ವಲ್ಪ ಮೇಲೆ ಹೋಗುತ್ತದೆ. ಆದರೂ ಒಂದು ಗ್ರಾಮಿನ ಹತ್ತಿರಕ್ಕೂ ಬರುವುದಿಲ್ಲ.

ತಾಮ್ರದ ಮೇಲೆ ಚಿನ್ನದ ತೆಳು ತಗಡು ಹೊದಿಸುವ ಕೆಲಸವೂ ಇದೆ. ಅದು ಬೇರೆ. ಅಂಥದ್ದನ್ನು ಮಾರುವವರು ಎಷ್ಟು ಮಿಲಿಗ್ರಾಂ ಹಾಕಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದುಕೊಡಬೇಕು. ಬರೆದುಕೊಟ್ಟಿಲ್ಲ ಅಂದರೆ ನೀವು ಆ ಹೆಸರು ಹಾಕಬೇಡಿ.

ಇದು ಬರೀ ಹೆಸರಿನ ಗಲಾಟೆ ಅಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ನಾಲ್ಕು ಬಳೆ ತಂದಳು. ತೀರಿಹೋದ ಅತ್ತೆಯ ಬೀರುವಿನಲ್ಲಿ ಸಿಕ್ಕಿದ್ದಂತೆ. ಡಬ್ಬಿಯ ಮೇಲೆ "ಗೋಲ್ಡ್ ಬಳೆ" ಅಂತ ಚೀಟಿ ಇತ್ತು. ಮಗನ ಕಾಲೇಜು ಫೀಸಿಗೆ ಅಡ ಇಡಲು ಹೊರಟಿದ್ದಳು. ಕೈಗೆ ತಗೊಂಡ ಕೂಡಲೇ ಹಗುರ ಅನ್ನಿಸಿತು. ಆ ಅಳತೆಯ ಹಿತ್ತಾಳೆ ಬಳೆ 20 ಗ್ರಾಂ ತೂಗುತ್ತದೆ, 22 ಕ್ಯಾರೆಟ್ ಚಿನ್ನದ್ದಾದರೆ 40 ಗ್ರಾಂ ದಾಟುತ್ತದೆ. ಒಳ ಅಂಚನ್ನು ಒರೆಗಲ್ಲಿಗೆ ಗಟ್ಟಿಯಾಗಿ ಉಜ್ಜಿದೆ. ಹಳದಿ ಗೆರೆ ಬಂತು. ಅದರ ಮೇಲೆ ಒಂದು ಹನಿ ನೈಟ್ರಿಕ್ ಆಸಿಡ್ ಬಿಟ್ಟೆ. ಗೆರೆ ಕಣ್ಣೆದುರೇ ಕರಗಿಹೋಯಿತು. ಚಿನ್ನದ ಗೆರೆಯಾಗಿದ್ದರೆ ಹಾಗೇ ನಿಲ್ಲುತ್ತಿತ್ತು. ಅವಳ ಮುಖ ನನಗೆ ಇನ್ನೂ ನೆನಪಿದೆ. ಆ ಚೀಟಿ ಬರೆದವರು ಯಾರೋ ಏನೋ, ಒಂದು ಪದ ಬಿಟ್ಟಿದ್ದರು ಅಷ್ಟೇ. ಒಡವೆ ಕೈಯಿಂದ ಕೈಗೆ ಹೋಗುತ್ತದೆ. ನಿಮ್ಮ ಹತ್ತಿರ ಕೊಂಡವರಿಗೆ ಗೊತ್ತಿರಬಹುದು, ಅವರ ಸೊಸೆಗೆ ಗೊತ್ತಿರಲ್ಲ.

ಈಗ ಬರೆಯುವ ವಿಷಯ. ನಮ್ಮ ಕನ್ನಡದಲ್ಲಿ ಒಂದು ತೊಂದರೆ ಇದೆ. "ಚಿನ್ನದ ಲೇಪದ ಹಿತ್ತಾಳೆ ಬಳೆ" ಅಂತ ಬರೆದರೆ ಮಾತು ಸುಳ್ಳಲ್ಲ. ಆದರೆ ಮುಖ್ಯ ಪದ ಕೊನೆಗೆ ಬರುತ್ತದೆ. ಫೋನಿನಲ್ಲಿ ಸಾಲು ಅರ್ಧಕ್ಕೇ ನಿಂತು, ಮುಂದೆ ಮೂರು ಚುಕ್ಕಿ ಬರುತ್ತದೆ. ನೋಡುವವರ ಕಣ್ಣಿಗೆ ಬೀಳುವುದು "ಚಿನ್ನದ" ಅನ್ನೋದು ಮಾತ್ರ. ಅದಕ್ಕೇ ನಾನು ತಿರುಗಿಸಿ ಬರೆಯಿರಿ ಅನ್ನುತ್ತೇನೆ. ಮೊದಲು ಲೋಹ, ಆಮೇಲೆ ಮೇಲಿನ ಲೇಪ. ಹೀಗೆ:

"ಹಿತ್ತಾಳೆ ಬಳೆ, ಮೇಲೆ ತೆಳು ಗೋಲ್ಡ್ ಪ್ಲೇಟಿಂಗ್, ಮ್ಯಾಟ್ ಫಿನಿಷ್. ಚಿನ್ನದ ಒಡವೆ ಅಲ್ಲ, ಹಾಲ್‌ಮಾರ್ಕ್ ಇಲ್ಲ. ನಾಲ್ಕರ ಸೆಟ್, ಸೈಜ್ 2.6. ಒಟ್ಟು ತೂಕ ಸುಮಾರು 80 ಗ್ರಾಂ, ಇದು ಹಿತ್ತಾಳೆಯ ತೂಕ. ಕೆಂಪು ಕಲ್ಲು ಗಾಜಿನದು. ಬೆವರು, ಸೆಂಟು, ಸೋಪು ತಗುಲಿದರೆ ಬಣ್ಣ ಬೇಗ ಹೋಗುತ್ತದೆ."

ತೂಕದ ಜೊತೆ "ಹಿತ್ತಾಳೆಯ ತೂಕ" ಅಂತ ಸೇರಿಸಿದ್ದು ಸುಮ್ನೆ ಅಲ್ಲ. ಒಡವೆಯ ಪಕ್ಕ ಗ್ರಾಂ ಅಂತ ಕಂಡರೆ ನಮ್ಮ ಜನ ಚಿನ್ನದ ತೂಕ ಅಂತಲೇ ಓದುತ್ತಾರೆ. ಕಲ್ಲಿನ ವಿಷಯವೂ ಹಾಗೇ. ಬರೀ "ಕೆಂಪು" ಅಂದರೆ ಮಾಣಿಕ್ಯ ಅಂದುಕೊಳ್ಳುವವರು ಇದ್ದಾರೆ. ಫೋಟೋಗೂ ಇದೇ ಮಾತು. ಹಳದಿ ಫಿಲ್ಟರ್ ಹಾಕಬೇಡಿ. ಬಳೆಯ ಒಳಭಾಗದ್ದೂ ಒಂದು ಫೋಟೋ ಇರಲಿ.

ಹಿತ್ತಾಳೆ ಅಂತ ಬರೆಯುವ ಮುಂಚೆ ಅದು ಹಿತ್ತಾಳೆಯೇ ಅಂತ ನಿಮಗೆ ಗೊತ್ತಿರಬೇಕು. ಪ್ರತಿ ಲಾಟಿನಿಂದ ಒಂದು ಬಳೆ ಹಾಳು ಮಾಡಿ ನೋಡಿ. ಒಳಗಡೆ ಸಣ್ಣ ಅರದಿಂದ ಆಳವಾಗಿ ಉಜ್ಜಿ. ಹಳದಿ ಕಂಡರೆ ಹಿತ್ತಾಳೆ, ಕೆಂಪಗಿದ್ದರೆ ತಾಮ್ರ, ಬೂದು ಬಿಳಿ ಇದ್ದರೆ ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಮೇಲೆ ಮೇಲೆ ಉಜ್ಜಿ ಬಿಳಿ ಕಂಡಿತು ಅಂತ ನಿಲ್ಲಿಸಬೇಡಿ. ಅದು ಚಿನ್ನದ ಕೆಳಗಿನ ನಿಕಲ್ ಪದರ ಇರಬಹುದು. ತಾಮ್ರ, ಸತು ಮೇಲಕ್ಕೆ ಹಾಯ್ದು ಚಿನ್ನದ ಬಣ್ಣ ಕೆಡಿಸದಿರಲಿ ಅಂತ ಅದನ್ನು ಹಾಕಿರುತ್ತಾರೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಚಿನ್ನದಂತೆ ಹೊಳೆಯುವ ಎಷ್ಟೋ ಮಾಲಿನಲ್ಲಿ ಚಿನ್ನ ಒಂದು ಚೂರೂ ಇರುವುದಿಲ್ಲ. ಬಣ್ಣದ ಲ್ಯಾಕರ್ ಬಳಿದಿರುತ್ತಾರೆ. ಸ್ಟೀಲ್ ಸರಗಳ ಮೇಲೆ ಹಲವು ಸಲ ಟೈಟಾನಿಯಂ ನೈಟ್ರೈಡ್ ಪದರ ಇರುತ್ತದೆ, ಅದರ ಬಣ್ಣವೇ ಚಿನ್ನದ್ದು. ಅಂಥದ್ದಕ್ಕೆ "ಪ್ಲೇಟಿಂಗ್" ಅನ್ನಬಾರದು. "ಚಿನ್ನದ ಬಣ್ಣ" ಅನ್ನಿ. ಅನುಮಾನ ಇದ್ದರೆ ನಗರ್ತಪೇಟೆಯ ಕಡೆ ಎಕ್ಸ್‌ಆರ್‌ಎಫ್ ಮೆಷಿನ್ ಇಟ್ಟ ಟೆಸ್ಟಿಂಗ್ ಅಂಗಡಿಗೆ ಹೋಗಿ. ಪ್ಲೇಟಿಂಗ್ ಮಾಲು ಅಂತ ಮೊದಲೇ ಹೇಳಿ. ರಿಪೋರ್ಟಿನಲ್ಲಿ ಚಿನ್ನ ಇಲ್ಲವೇ ಇಲ್ಲ ಅಂತ ಬಂದರೆ ಉತ್ತರ ಸಿಕ್ಕಿತು. ಶೇಕಡಾ ಇಷ್ಟು ಅಂತ ಬಂದರೆ ಅದನ್ನು ಜಾಹೀರಾತಿಗೆ ಹಾಕಬೇಡಿ. ಆ ಮೆಷಿನ್ ನೋಡುವುದು ಮೇಲಿನ ತೆಳು ಭಾಗವನ್ನು ಮಾತ್ರ, ಇಡೀ ಬಳೆಯನ್ನಲ್ಲ.

ಮೈಕ್ರಾನ್ ಎಷ್ಟು ಅಂತ ಪ್ಲೇಟಿಂಗ್ ಮಾಡಿದವರು ಬರೆದುಕೊಟ್ಟರೆ ಹಾಕಿ. ಬಾಯಲ್ಲಿ ಹೇಳಿದ್ದನ್ನು ಹಾಕಬೇಡಿ. ಸಗಟು ಅಂಗಡಿಯ ಬಿಲ್ಲನ್ನೂ ಒಮ್ಮೆ ನೋಡಿ. ಎಚ್‌ಎಸ್‌ಎನ್ ಕೋಡ್ 7117 ಇದ್ದರೆ ಅದು ಇಮಿಟೇಷನ್ ಒಡವೆ ಅಂತ ಅವರೇ ಒಪ್ಪಿಕೊಂಡ ಹಾಗೆ. ನಿಜವಾದ ಚಿನ್ನದ ಒಡವೆ 7113ರಲ್ಲಿ ಬರುತ್ತದೆ. ಸರ್ಕಾರಕ್ಕೆ ಇಮಿಟೇಷನ್ ಅಂತ ಹೇಳಿ, ಗಿರಾಕಿಗೆ ಗೋಲ್ಡ್ ಅಂತ ಹೇಳುವ ಅಂಗಡಿಯವರನ್ನು ನಾನು ವ್ಯಾಪಾರಿ ಅನ್ನುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಗಿರಾಕಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ, "ಎಲ್ಲರೂ ಹಾಗೇ ಬರೀತಾರೆ" ಅನ್ನೋದು ಅಲ್ಲಿ ನಡೆಯಲ್ಲ.

ಒನ್ ಗ್ರಾಂ ಅಂತ ಹಾಕದಿದ್ದರೆ ಹುಡುಕಿದವರಿಗೆ ಸಿಗಲ್ಲ ಅನ್ನುತ್ತೀರಾ? ಕೆಲವರು "ಒನ್ ಗ್ರಾಂ ಸ್ಟೈಲ್" ಅಂತ ಹಾಕುತ್ತಾರೆ. ನನಗೆ ಅದೂ ಒಪ್ಪಿಗೆ ಇಲ್ಲ. ಗಿಲೀಟು, ಇಮಿಟೇಷನ್, ಆರ್ಟಿಫಿಷಿಯಲ್ ಅಂತ ಹುಡುಕುವವರೂ ಬೇಕಾದಷ್ಟು ಜನ ಇದ್ದಾರೆ. ಆ ಪದ ಹಾಕಿ.

22 ಕ್ಯಾರೆಟ್ ಚಿನ್ನದಲ್ಲೇ ಪ್ಲೇಟಿಂಗ್ ಮಾಡಿಸಿದ್ದೇವೆ. ಕೊಂಡಿಯ ಮೇಲೆ 916 ಅಂತ ಒತ್ತಿಸಬಹುದಾ?
ಜಯನಗರದ ಓದುಗರು

ಖಂಡಿತ ಬೇಡ. 916 ಅಂದರೆ ಒಡವೆಯ ಲೋಹದಲ್ಲಿ ಸಾವಿರಕ್ಕೆ 916 ಪಾಲು ಚಿನ್ನ ಅಂತ. ನಿಮ್ಮದು ಹಿತ್ತಾಳೆ. ಕೊಳ್ಳುವವರೂ ಕೇಳಿಸಿಕೊಳ್ಳಿ: ಈಗಿನ ಹಾಲ್‌ಮಾರ್ಕ್‌ನಲ್ಲಿ ಬಿಐಎಸ್ ಗುರುತು, ಶುದ್ಧತೆ, ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಮೂರೂ ಇರಬೇಕು. ಆ ಆರನ್ನು BIS Care ಆ್ಯಪ್‌ನಲ್ಲಿ ಹಾಕಿ ನೋಡಿ. ಬರೀ 916 ಕಂಡು ದುಡ್ಡು ಕೊಡಬೇಡಿ.

ಮ್ಯಾಗ್ನೆಟ್ ಹಿಡಿದರೆ ಅಂಟಲಿಲ್ಲ ಅಂದ್ರೆ ಅಸಲಿ ಚಿನ್ನ ತಾನೇ?
ಯಶವಂತಪುರದ ಓದುಗರು

ಹಿತ್ತಾಳೆಯೂ ಅಂಟಲ್ಲ, ತಾಮ್ರವೂ ಅಂಟಲ್ಲ. ಈ ವಿಡಿಯೋ ಮಾಡಿ ಹರಿಬಿಟ್ಟವರು ಎಷ್ಟು ಜನರಿಗೆ ಟೋಪಿ ಹಾಕಿಸಿದ್ದಾರೋ.

ಪಂಚಲೋಹದ ಉಂಗುರ ಅಂತ ಮಾರ್ತೀವಿ. ಬಿಪಿ ಇಳಿಯುತ್ತೆ ಅಂತಾನೂ ಬರೀಬಹುದಾ?
ಬಸವನಗುಡಿಯ ಓದುಗರು

ಐದು ಲೋಹ ಇದೆ ಅಂತ ಟೆಸ್ಟ್ ರಿಪೋರ್ಟ್ ಇದ್ದರೆ ಮಾತ್ರ ಪಂಚಲೋಹ ಅನ್ನಿ. ಬಿಪಿಗೆ ಉಂಗುರ ಮಾರುವವರ ಮಾತು ನಂಬಿ ಮಾತ್ರೆ ಬಿಟ್ಟವರನ್ನು ನಾನು ನೋಡಿದ್ದೇನೆ. ಆ ಸಾಲನ್ನು ಇವತ್ತೇ ತೆಗೆಯಿರಿ.

ಓಲೆಗೆ "ಅಲರ್ಜಿ ಆಗಲ್ಲ" ಅಂತ ಹಾಕಿದರೆ ಜಾಸ್ತಿ ಹೋಗುತ್ತೆ ಅಂತಾರೆ. ಹಾಕಲಾ?
ಮಲ್ಲೇಶ್ವರದ ಓದುಗರು

ಹಾಕಬೇಡಿ. ಚಿನ್ನದ ಪದರ ಸವೆದರೆ ಕೆಳಗಿನ ನಿಕಲ್ ನೇರ ಚರ್ಮಕ್ಕೆ ತಗುಲುತ್ತದೆ. ನಿಕಲ್ ಆಗದವರಿಗೆ ಕಿವಿ ಕೆಂಪಾಗಿ, ತುರಿಸಿ, ನೀರು ಸೋರುತ್ತದೆ. ನಿಕಲ್ ಇಲ್ಲ ಅಂತ ಪ್ಲೇಟಿಂಗ್‌ನವರು ಬರೆದುಕೊಟ್ಟಿದ್ದರೆ "ನಿಕಲ್ ಪದರ ಇಲ್ಲ" ಅಂತ ಅಷ್ಟೇ ಬರೆಯಿರಿ. ಇಲ್ಲದಿದ್ದರೆ "ಕೆಳಗೆ ನಿಕಲ್ ಇರಬಹುದು" ಅಂತ ಬರೆಯಿರಿ. ಮಕ್ಕಳ ಓಲೆಗಾದರೆ ಇದನ್ನು ಮೊದಲ ಸಾಲಿನಲ್ಲೇ ಹಾಕಿ.