ಕಾಫಿ ಪುಡಿ ಪೌಚಿಗೆ ದರ ಕೇಳುವುದು, ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು

“ವಿರಾಜಪೇಟೆ ಹತ್ತಿರ ನಮ್ಮ ತೋಟದ ಕಾಫಿಯನ್ನೇ ಹುರಿದು ಪುಡಿ ಮಾಡಿ ಮಾರುತ್ತೇವೆ. ತಿಂಗಳಿಗೆ 200 ಪ್ಯಾಕೆಟ್ ಹೋಗುತ್ತದೆ. ಹೆಸರು ಪ್ರಿಂಟ್ ಆದ ಕಾಲು ಕಿಲೋ ಪೌಚ್ ಬೇಕು. ಒಬ್ಬರು ಕಿಲೋಗೆ ರೇಟ್ ಹೇಳುತ್ತಾರೆ, ಇನ್ನೊಬ್ಬರು ಪೀಸಿಗೆ. ಹೇಗೆ ಕೇಳಬೇಕು? ಡಿಸೈನ್ ಓಕೆ ಮಾಡುವಾಗ ಏನು ನೋಡಬೇಕು?”

ಅಕ್ಕ, ಮೊದಲು ಕಿಲೋ ಲೆಕ್ಕವನ್ನು ಪೀಸಿಗೆ ಇಳಿಸಿಕೊಳ್ಳೋಣ. ಕಾಲು ಕಿಲೋ ಪುಡಿಗೆ ಸಾಮಾನ್ಯವಾಗಿ 130 ಮಿ.ಮೀ. ಅಗಲ, 210 ಮಿ.ಮೀ. ಎತ್ತರ, ತಳದ ಮಡಿಕೆ 80 ಮಿ.ಮೀ. ಇರುವ ನಿಲ್ಲುವ ಪೌಚ್ ಸಾಕಾಗುತ್ತದೆ. ಮೂರು ಪದರದ ಅಂತಹ ಒಂದು ಪೌಚ್ ಸುಮಾರು 7 ಗ್ರಾಂ ತೂಗುವುದರಿಂದ ಕಿಲೋಗೆ 140ರಷ್ಟು ಬರುತ್ತವೆ. ಸಿಲಿಂಡರಿನಲ್ಲಿ ಮುದ್ರಿಸುವವರು ಕನಿಷ್ಠ 100 ಕಿಲೋ ಎಂದರೆ ಅದು 14,000 ಪೌಚ್, ಅಂದರೆ ನಿಮಗೆ ಐದು ವರ್ಷ ಮೀರಿದ ದಾಸ್ತಾನು. ಅದರ ಮೇಲೆ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸುವ ಖರ್ಚು ಬೇರೆ ಇರುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಸೋಮವಾರಪೇಟೆಯ ಅಣ್ಣ ಹೇಳಿದ “ಮೂವರ ಹತ್ತಿರ ಪೀಸ್ ರೇಟ್ ಕೇಳಿ, ಕಡಿಮೆ ಹೇಳಿದವರಿಗೆ ಕೊಡಿ” ಎಂಬ ಮಾತು ಅರ್ಧ ಮಾತ್ರ ಸರಿ. ಮೂವರಿಗೂ ಒಂದೇ ವಿವರ ಬರೆದು ಕೊಡದಿದ್ದರೆ ಮೂರು ಬೇರೆ ಬೇರೆ ವಸ್ತುಗಳ ದರ ಬರುತ್ತದೆ. ತನ್ನ ಜೇನಿನ ಬಾಟಲಿಗೆ ಸ್ಟಿಕ್ಕರ್ ಹಾಕಿಸಿದೆ ಎಂದು ಅಲ್ಲೇ ಬರೆದ ತಂಗಿಯ ಅನುಭವ ಪೌಚಿಗೆ ಹೊಂದುವುದಿಲ್ಲವಾದರೂ, ಸಾದಾ ಪೌಚಿಗೆ ಒಳ್ಳೆಯ ಸ್ಟಿಕ್ಕರ್ ಎಂಬ ದಾರಿಯ ದರವನ್ನೂ ಹೋಲಿಕೆಗೆ ಇಟ್ಟುಕೊಳ್ಳಿ. ನಾನಾಗಿದ್ದರೆ ಸಿಲಿಂಡರ್ ಬೇಡದ ಡಿಜಿಟಲ್ ಮುದ್ರಣಕ್ಕೆ ಹೀಗೆ ಬರೆಯುತ್ತಿದ್ದೆ:

“250 ಗ್ರಾಂ ಕಾಫಿ ಪುಡಿಗೆ, 130 ಮಿ.ಮೀ. ಅಗಲ, 210 ಮಿ.ಮೀ. ಎತ್ತರ, 80 ಮಿ.ಮೀ. ತಳದ ಮಡಿಕೆಯ, ಜಿಪ್ ಮತ್ತು ವಾಲ್ವ್ ಇರುವ ಮ್ಯಾಟ್ ಪೌಚ್ 1,000 ಮತ್ತು 2,000ಕ್ಕೆ ಪ್ರತ್ಯೇಕ ದರ ತಿಳಿಸಿ. ಪ್ರತಿ ಪದರದ ವಸ್ತು ಮತ್ತು ಮೈಕ್ರಾನ್ ಲೆಕ್ಕದಲ್ಲಿ ದಪ್ಪ, ಬಿಳಿ ಬಣ್ಣ ಸೇರಿದೆಯೇ, ಮಾದರಿಯ ಶುಲ್ಕ, ಜಿಎಸ್‌ಟಿ, ವಿರಾಜಪೇಟೆಗೆ ಸಾಗಣೆ, ಒಪ್ಪಿಗೆಯ ನಂತರ ಬೇಕಾಗುವ ದಿನಗಳು, ಪೌಚ್‌ಗಳ ಸಂಖ್ಯೆ ಹೆಚ್ಚು ಅಥವಾ ಕಡಿಮೆ ಬಂದರೆ ಬಿಲ್ ಹೇಗೆ ಎಂಬುದನ್ನು ನಮೂದಿಸಿ.”

ಬಿಳಿಯ ಪ್ರಶ್ನೆಯನ್ನು ಬಿಡಬೇಡಿ. ಬೆಳ್ಳಿ ಹೊಳಪಿನ ಪದರದ ಮೇಲೆ, ಬಣ್ಣದ ಅಡಿಯಲ್ಲಿ ಬಿಳಿ ಹಾಕದೆ ಮುದ್ರಿಸಿದರೆ ಪರದೆಯಲ್ಲಿ ಕಂಡ ಕೆಂಪು ಹಣ್ಣು ಲೋಹದ ಹಾಗೆ ಮಿನುಗುತ್ತದೆ, ಬಾರ್‌ಕೋಡ್ ಸ್ಕ್ಯಾನ್ ಆಗದೆ ತೊಂದರೆ ಕೊಡುತ್ತದೆ. ವಾಲ್ವ್ ಬೇಕೆನ್ನುವುದು ಹುರಿದ ಕಾಫಿ ಅನಿಲ ಬಿಡುವುದರಿಂದ. ಪುಡಿಯನ್ನು ಒಂದೆರಡು ದಿನ ಆರಿಸಿ ತುಂಬುವವರು ಅದಿಲ್ಲದೆಯೂ ನಡೆಸುತ್ತಾರೆ, ಈ ವಿಷಯದಲ್ಲಿ ನಮ್ಮ ಗುಂಪಿನಲ್ಲೇ ಎರಡು ಅಭಿಪ್ರಾಯಗಳಿವೆ.

ದರ ಒಪ್ಪಿದ ಮೇಲೆ, ವಿನ್ಯಾಸ ಮಾಡುವ ಮುನ್ನವೇ, ಸೀಲ್ ಆಗುವ ಅಂಚು, ಜಿಪ್, ವಾಲ್ವ್, ತಳದ ಮಡಿಕೆ ಎಲ್ಲವೂ ಗುರುತಾಗಿರುವ ರೇಖಾಚಿತ್ರವನ್ನು ಮುದ್ರಕರಿಂದ ತರಿಸಿಕೊಂಡು ಅದರ ಮೇಲೆಯೇ ವಿನ್ಯಾಸ ಮಾಡಿಸಿ. ಅವರು ಕಳಿಸುವ ಪಿಡಿಎಫ್ ಅನ್ನು ಮೊಬೈಲಿನಲ್ಲಿ ನೋಡಿ ಓಕೆ ಅನ್ನಬಾರದು. ಮುಂಭಾಗ, ಹಿಂಭಾಗ ಎರಡನ್ನೂ ನಿಜ ಗಾತ್ರದಲ್ಲಿ ಕಾಗದಕ್ಕೆ ತೆಗೆದು, ಅದೇ ಅಳತೆಯ ಸಾದಾ ಪೌಚಿಗೆ ಪುಡಿ ತುಂಬಿ ನಿಲ್ಲಿಸಿ, ಅದಕ್ಕೆ ಅಂಟಿಸಿ ನೋಡಿ. ಹೊಟ್ಟೆ ಉಬ್ಬಿದಾಗ ಕೆಳಗಿನ ಎರಡು ಸಾಲು ಮಡಿಕೆಯೊಳಗೆ ಹೋಗಿಬಿಡುವುದು ಆಗಲೇ ತಿಳಿಯುತ್ತದೆ.

ನನ್ನ ತಪ್ಪು ಬೇರೆಯದಾಗಿತ್ತು. ನಾನು ತಿದ್ದಿ ಕಳಿಸಿದ್ದ ಕಡತವನ್ನು ಮುದ್ರಕರು ಬೇರೆ ತಂತ್ರಾಂಶದಲ್ಲಿ ತೆರೆದಾಗ “ಚಿಕೋರಿ ಮಿಶ್ರಿತ” ಎಂಬುದರಲ್ಲಿ ರ ಒತ್ತು ಕಳಚಿ “ಮಿಶ್‌ರಿತ” ಎಂದಾಗಿತ್ತು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಕೊನೆಯ ಪಿಡಿಎಫ್‌ನಲ್ಲಿ ಬಣ್ಣ ಮಾತ್ರ ನೋಡಿದ್ದೆ, 3,000 ಪೌಚ್ ಹಾಗೆಯೇ ಬಂದವು. ಒಪ್ಪಿಗೆ ನನ್ನದಾಗಿದ್ದರಿಂದ ಹಣ ವಾಪಸು ಕೇಳುವ ಹಾಗಿರಲಿಲ್ಲ. ಅಕ್ಷರಗಳನ್ನೆಲ್ಲ ಕರ್ವ್ ಮಾಡಿದ ಮೇಲೆಯೇ, ಅಂದರೆ ಫಾಂಟ್ ಬೇಡದ ರೇಖಾಚಿತ್ರಗಳಾಗಿ ಬದಲಿಸಿದ ಮೇಲೆಯೇ, ಕಡತ ಕಳಿಸಿ, ಅವರಿಂದ ಮರಳಿ ಬಂದದ್ದನ್ನು ವಿನ್ಯಾಸ ಹಿಂದೆ ನೋಡಿರದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಶೇಕಡಾವಾರು ಹಾಗೂ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಅಂಕೆ ಅಂಕೆಯಾಗಿ ಮೂಲದೊಂದಿಗೆ ಹೋಲಿಸಿ.

ತಿದ್ದುಪಡಿಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳದೆ ಒಂದೇ ಇಮೇಲಿನಲ್ಲಿ ಬರೆದು, ಪ್ರತಿ ಸಲವೂ ಕಡತದ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಹಾಕಿಸಿ. ಎಲ್ಲ ಸರಿ ಎನಿಸಿದ ಮೇಲೆ ನಿಜವಾದ ಪದರದ ಮೇಲೆ ಮುದ್ರಿಸಿದ ಎರಡು ಮಾದರಿ ಪೌಚ್ ಕೇಳಿ, ಎರಡಕ್ಕೂ ಸಹಿ ಮಾಡಿ ಒಂದನ್ನು ಮುದ್ರಕರಿಗೆ ಕೊಟ್ಟು ಇನ್ನೊಂದನ್ನು ನೀವು ಇಟ್ಟುಕೊಳ್ಳಿ. “ಆವೃತ್ತಿ 3, ಸಹಿ ಮಾಡಿದ ಮಾದರಿಯಂತೆ ಮುದ್ರಿಸಬಹುದು” ಎಂಬ ಒಂದು ಸಾಲೇ ಒಪ್ಪಿಗೆ, ಹೆಬ್ಬೆಟ್ಟಿನ ಎಮೋಜಿ ಅಲ್ಲ ಎಂದು ಮೊದಲೇ ತಿಳಿಸಿಬಿಡಿ.

ಬ್ಯಾಚ್, ತಯಾರಿಕೆಯ ತಿಂಗಳು, ಎಂಆರ್‌ಪಿ ಬದಲಾಗುವುದರಿಂದ ಅವುಗಳಿಗೆ ಖಾಲಿ ಜಾಗ ಬಿಡಿಸಿರುತ್ತೀರಿ. ಮ್ಯಾಟ್ ಮೇಲ್ಮೈಯಲ್ಲಿ ಎಲ್ಲ ಶಾಯಿಯೂ ನಿಲ್ಲುವುದಿಲ್ಲ, ಹಾಗಾಗಿ ಆ ಮಾದರಿ ಪೌಚುಗಳಲ್ಲೊಂದರ ಮೇಲೆಯೇ ನಿಮ್ಮ ಮೊಹರು ಒತ್ತಿ, ಮಾರನೆಯ ದಿನ ಒದ್ದೆ ಹೆಬ್ಬೆರಳಿನಿಂದ ಉಜ್ಜಿ ನೋಡಿ, ಆಮೇಲೆ ಸಹಿ ಹಾಕಿ.