ಸೋಸಿದ ನೀರು ಮತ್ತೆ ಹಳದಿಯಾದಾಗ

ಪ್ರಶ್ನೆ: ಫಸ್ಟ್ ಪಿಯುಸಿ ಓದ್ತಿದೀನಿ. ಲಿಮಿಟಿಂಗ್ ರೀಏಜೆಂಟ್, ಪರ್ಸೆಂಟ್ ಯೀಲ್ಡ್ ಲೆಕ್ಕ ಪ್ರತಿಸಲ ತಪ್ಪಾಗುತ್ತೆ. ಮೂರು ಥರ ಸೂತ್ರ ಸಿಕ್ಕಿವೆ. ಬಾಯಿಪಾಠ ಮಾಡೋಕೆ ಯಾವುದು ಒಳ್ಳೇದು?

ಮೂರನ್ನೂ ಬಿಡಿ. ನಾನು ತುಮಕೂರಿನಲ್ಲಿ ಬಿಎಸ್ಸಿ ಮಾಡುವಾಗ ನನ್ನ ಹತ್ತಿರವೂ ಇಂಥದ್ದೇ ಒಂದು ಸೂತ್ರ ಇತ್ತು, ಯಾವುದೋ ಗೈಡಿನಿಂದ ಎತ್ತಿಕೊಂಡದ್ದು: "ಎರಡರ ಮೋಲ್ ಲೆಕ್ಕ ಹಾಕು, ಯಾವುದು ಕಡಿಮೆಯೋ ಅದೇ ಲಿಮಿಟಿಂಗ್." ಆ ಗೈಡಿನಲ್ಲಿದ್ದ ಉದಾಹರಣೆಗಳೆಲ್ಲ ಒಂದಕ್ಕೆ ಒಂದು ಸೇರುವ ಕ್ರಿಯೆಗಳೇ ಆಗಿದ್ದರಿಂದ ಪಿಯುಸಿ ಮುಗಿಯುವ ತನಕ ಅದು ಕೈಕೊಡಲಿಲ್ಲ.

ಕೈಕೊಟ್ಟದ್ದು ಪ್ರಾಕ್ಟಿಕಲ್‌ನಲ್ಲಿ. ಲೆಡ್ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಹಾಕಿ, ಕೆಳಗೆ ಕೂರುವ ಲೆಡ್ ಅಯೊಡೈಡನ್ನು ಸೋಸಿ, ಒಣಗಿಸಿ ತೂಗಬೇಕು. ಎರಡೂ ನೀರಿನಷ್ಟೇ ತಿಳಿಯಾದ ದ್ರಾವಣ. ಸೇರಿಸಿದ ಕ್ಷಣಕ್ಕೆ ಬೀಕರ್ ಪೂರ್ತಿ ಅರಿಶಿನ ಕಲಸಿದ ಹಾಗಾಗುತ್ತದೆ.

Pb(NO₃)₂ + 2KI → PbI₂ + 2KNO₃

ತೂಗಿ ತೆಗೆದುಕೊಂಡದ್ದು ಲೆಡ್ ನೈಟ್ರೇಟ್ 3.31 ಗ್ರಾಂ, ಅಯೊಡೈಡ್ 2.49 ಗ್ರಾಂ. ಮೋಲಾರ್ ದ್ರವ್ಯರಾಶಿ ಒಂದರದ್ದು 331, ಇನ್ನೊಂದರದ್ದು 166. ಅಂದರೆ ಲೆಡ್ ನೈಟ್ರೇಟ್ 0.010 ಮೋಲ್, ಅಯೊಡೈಡ್ 0.015 ಮೋಲ್. ನನ್ನ ಸೂತ್ರದ ಪ್ರಕಾರ ಕಡಿಮೆ ಇರುವುದು ಲೆಡ್ ನೈಟ್ರೇಟ್. ಹಾಗಾಗಿ 0.010 ಮೋಲ್ ಲೆಡ್ ಅಯೊಡೈಡ್ ಬರಬೇಕು, 461ರಿಂದ ಗುಣಿಸಿದರೆ 4.61 ಗ್ರಾಂ. ನನಗೆ ಬಂದದ್ದು 3.20 ಗ್ರಾಂ. ಯೀಲ್ಡ್ ಶೇ. 69.

ಇಲ್ಲಿಂದ ಶುರುವಾಯಿತು ನೋಡಿ ನನ್ನ ಕಷ್ಟ. ಲೆಕ್ಕ ಸರಿ ಇದೆ, ಕೈಚಳಕ ಸರಿ ಇಲ್ಲ ಅಂದುಕೊಂಡೆ. ಫಿಲ್ಟರ್ ಪೇಪರಿಗೆ ಅಂಟಿದ್ದು, ಗಾಜಿನ ಕಡ್ಡಿಗೆ ಅಂಟಿದ್ದು, ಬೀಕರಿನ ಗೋಡೆಯಲ್ಲಿ ಉಳಿದದ್ದು ಎಂದು ಎಲ್ಲದರ ಮೇಲೂ ಗೂಬೆ ಕೂರಿಸಿದೆ. ಇಡೀ ಪ್ರಯೋಗವನ್ನೇ ಮತ್ತೆ ಮಾಡಿದೆ. ಬೀಕರನ್ನು ಬಿಸಿನೀರಿನಲ್ಲಿ ತೊಳೆದು ಆ ನೀರನ್ನೂ ಫಿಲ್ಟರಿಗೆ ಸುರಿದೆ, ಒಂದು ಚೂರೂ ಬಿಡಬಾರದು ಅಂತ. ತೂಕ ಇನ್ನೂ ಇಳಿಯಿತು! ಕೆಳಗೆ ಸೋಸಿ ಬಿದ್ದ ನೀರು ತಣ್ಣಗಾಗುತ್ತಾ ಬಂದಂತೆ ಅದರಲ್ಲಿ ಬಂಗಾರದ ಬಣ್ಣದ ತೆಳ್ಳನೆ ಹಾಳೆಗಳು ಮಿನುಗುತ್ತಾ ಕೆಳಗಿಳಿಯುತ್ತಿದ್ದವು. ಲೆಡ್ ಅಯೊಡೈಡ್ ತಣ್ಣೀರಿನಲ್ಲಿ ನೂರು ಮಿಲಿಗೆ 0.07 ಗ್ರಾಂನಷ್ಟು ಕರಗಿದರೆ, ಕುದಿಯುವ ನೀರಿನಲ್ಲಿ ಅದರ ಐದಾರು ಪಟ್ಟು ಕರಗುತ್ತದೆ. ನೋಡಲು ಬಲು ಚೆಂದ, ಆದರೆ ಅದು ನನ್ನ ಯೀಲ್ಡ್.

ಕೊನೆಗೆ ದಾರಿ ತೋರಿಸಿದ್ದು ಲ್ಯಾಬಿನ ಅಟೆಂಡರ್. "ಏನಪ್ಪಾ, ಮುಗಿದಿದ್ದು ಲೆಡ್ಡೋ ಅಯೊಡೈಡೋ?" ಅಂದರು. "ಲೆಡ್ ಅಣ್ಣ" ಅಂದೆ. ಮೊದಲ ಸಲ ಸೋಸಿದ ನೀರು ಇನ್ನೂ ಸ್ಟ್ಯಾಂಡಿನಲ್ಲೇ ಇತ್ತು. ಅದನ್ನು ಎರಡು ಟೆಸ್ಟ್‌ಟ್ಯೂಬಿಗೆ ಬಗ್ಗಿಸಿ, ಒಂದಕ್ಕೆ ನಾಲ್ಕು ಹನಿ ಲೆಡ್ ನೈಟ್ರೇಟ್, ಇನ್ನೊಂದಕ್ಕೆ ನಾಲ್ಕು ಹನಿ ಅಯೊಡೈಡ್ ಬಿಟ್ಟರು. ಮೊದಲನೆಯದು ಕದಲಲಿಲ್ಲ. ಎರಡನೆಯದು ಗಟ್ಟಿ ಹಳದಿ. "ಲೆಡ್ ಮುಗಿದಿದ್ರೆ ಇದು ಎಲ್ಲಿಂದ ಬಂತು?"

ಲೆಡ್ ಮುಗಿದಿರಲಿಲ್ಲ, ಮುಗಿದದ್ದು ಅಯೊಡೈಡ್. ಸಮೀಕರಣದಲ್ಲಿ ಕೆಐ ಮುಂದೆ ಇರುವ 2 ಹೇಳುತ್ತಿದ್ದದ್ದೇ ಇದನ್ನು: ಒಂದೊಂದು ಲೆಡ್ಡಿಗೂ ಎರಡೆರಡು ಅಯೊಡೈಡ್ ಬೇಕು. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಒಂದು ಪ್ಲೇಟಿಗೆ ಎರಡು ತಟ್ಟೆ ಇಡ್ಲಿ, ಒಂದು ವಡೆ ಅಂತಿಟ್ಟುಕೊಳ್ಳಿ. ಹತ್ತು ವಡೆ, ಹದಿನೈದು ಇಡ್ಲಿ ಇದ್ದರೆ ಮೊದಲು ಖಾಲಿಯಾಗುವುದು ಇಡ್ಲಿ, ವಡೆಯ ಎಣಿಕೆ ಕಡಿಮೆ ಇದ್ದರೂ. ನಾನು ಪ್ಲೇಟಿಗೆ ಎಷ್ಟೆಷ್ಟು ಬೇಕೆಂದು ನೋಡದೆ ಇಡ್ಲಿ, ವಡೆಗಳನ್ನಷ್ಟೇ ಎಣಿಸಿದ್ದೆ.

"ಮೋಲನ್ನು ಅದರ ಗುಣಾಂಕದಿಂದ ಭಾಗಿಸು, ಕಡಿಮೆ ಬಂದದ್ದು ಲಿಮಿಟಿಂಗ್" ಅನ್ನುವ ಸೂತ್ರ ನಿಮ್ಮ ಮೂರರಲ್ಲಿ ಇರಬಹುದು. ಅದು ತಪ್ಪಲ್ಲ. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಭಾಗಿಸಬೇಕೋ ಗುಣಿಸಬೇಕೋ ಎಂದು ಅನುಮಾನ ಬಂದರೆ ಅದಕ್ಕೆ ಆ ಸೂತ್ರದೊಳಗೆ ಉತ್ತರ ಇಲ್ಲ. ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಪೂರ್ತಿ ಮುಗಿಯಬೇಕಾದರೆ ಅದು ಎಷ್ಟು ಬೇಕು, ನನ್ನ ಹತ್ತಿರ ಅಷ್ಟಿದೆಯಾ?

0.010 ಮೋಲ್ ಲೆಡ್ ನೈಟ್ರೇಟ್ ಪೂರ್ತಿ ಮುಗಿಯಲು ಅಯೊಡೈಡ್ 0.020 ಮೋಲ್ ಬೇಕು. ಇರುವುದು 0.015. ಸಾಲದು, ಆದ್ದರಿಂದ ಅಯೊಡೈಡೇ ಮೊದಲು ಮುಗಿಯುತ್ತದೆ. ಅದು ಮುಗಿಯುವಷ್ಟರಲ್ಲಿ ಅದರ ಅರ್ಧ, ಅಂದರೆ 0.0075 ಮೋಲ್ ಲೆಡ್ ಖರ್ಚಾಗಿರುತ್ತದೆ, ಅಷ್ಟೇ ಲೆಡ್ ಅಯೊಡೈಡ್ ಹುಟ್ಟಿರುತ್ತದೆ: 3.46 ಗ್ರಾಂ. ಉಳಿದ 0.0025 ಮೋಲ್ ಲೆಡ್ ನೈಟ್ರೇಟೇ ಟೆಸ್ಟ್‌ಟ್ಯೂಬಿನಲ್ಲಿ ಹಳದಿಯಾದದ್ದು.

ಈಗ ಯೀಲ್ಡ್. ಶೇಕಡಾ ಯೀಲ್ಡ್ ಅಂದರೆ ಬರಬೇಕಾದದ್ದರಲ್ಲಿ ನೂರಕ್ಕೆ ಎಷ್ಟು ಕೈಗೆ ಬಂತು ಅನ್ನುವುದು, ಅಷ್ಟೇ. 3.46ಕ್ಕೆ 3.20, ಅಂದರೆ ಶೇ. 92ಕ್ಕಿಂತ ತುಸು ಮೇಲೆ. ನನ್ನ ಕೈಚಳಕಕ್ಕೆ ಏನೂ ಆಗಿರಲಿಲ್ಲ. ಹೋಲಿಸಿದ ಸಂಖ್ಯೆಯೇ ತಪ್ಪಾಗಿದ್ದರಿಂದ, ಎರಡನೇ ಸಲ ಇಲ್ಲದ ನಷ್ಟವನ್ನು ಹುಡುಕುತ್ತಾ ನಿಜವಾದ ನಷ್ಟ ಮಾಡಿಕೊಂಡೆ. ನೂರಕ್ಕೆ ಎಂಟು ಹೋದದ್ದಕ್ಕೆ ಪೇಪರು, ಕಡ್ಡಿ, ನೀರಲ್ಲಿ ಕರಗಿದ್ದು ಎಲ್ಲ ಸೇರಿ ಕಾರಣ ಇರಬಹುದು. ಅದೇ ನೂರಕ್ಕಿಂತ ಜಾಸ್ತಿ ಬಂದರೆ ಖುಷಿಪಡಬೇಡಿ, ಮೊದಲು ಅನುಮಾನಿಸಬೇಕಾದದ್ದು ಒಳಗೆ ಉಳಿದ ನೀರನ್ನು. ಇನ್ನೊಮ್ಮೆ ಒಣಗಿಸಿ ತೂಗಿ, ಎರಡು ಸಲದ ತೂಕ ಒಂದೇ ಬರುವ ತನಕ. ಖಾಲಿ ಫಿಲ್ಟರ್ ಪೇಪರಿನ ತೂಕ ಮೊದಲೇ ಬರೆದಿಟ್ಟುಕೊಂಡಿರಬೇಕು, ಅದನ್ನು ಮರೆಯುವವರೇ ಜಾಸ್ತಿ.

ಹಾಗಾದರೆ ಅಯೊಡೈಡನ್ನೇ ಧಾರಾಳವಾಗಿ ಸುರಿದರೆ ಲೆಡ್ ಪೂರ್ತಿ ಕೆಳಗೆ ಕೂರುತ್ತದಲ್ಲ ಅಂತ ಕೇಳಬಹುದು. ಸ್ವಲ್ಪ ಹೆಚ್ಚು ಹಾಕಿದರೆ ಒಳ್ಳೆಯದೇ. ಅತಿಯಾದರೆ ಕೂತ ಲೆಡ್ ಅಯೊಡೈಡ್ ಹೆಚ್ಚಿನ ಅಯೊಡೈಡ್ ಜೊತೆ ಸೇರಿ ಮತ್ತೆ ಕರಗಲು ಶುರುವಾಗುತ್ತದೆ. ಸಮೀಕರಣ ನೋಡಿ ಇದನ್ನು ಊಹಿಸಲಾಗದು.

ಇನ್ನೊಂದು ಮಾತು, ಲೆಡ್ ವಿಷ. ಸೋಸಿದ ನೀರನ್ನು ಸಿಂಕಿಗೆ ಚೆಲ್ಲದೆ ಲ್ಯಾಬಿನಲ್ಲಿ ಅದಕ್ಕೆಂದೇ ಇಟ್ಟ ಬಾಟಲಿಗೆ ಹಾಕಿ, ಕೈ ತೊಳೆದುಕೊಳ್ಳಿ.

ನಾನೀಗ ವಸಂತನರಸಾಪುರದಲ್ಲಿ ಕ್ಯೂಸಿ, ಅಂದರೆ ಗುಣಮಟ್ಟ ತಪಾಸಣೆಯ ಕೆಲಸದಲ್ಲಿದ್ದೇನೆ. ಈಗಲೂ ಮಾಡುವ ತಾಳೆ ಒಂದೇ: ಹಾಕಿದ ಒಟ್ಟು ತೂಕ, ಲೆಕ್ಕದ ಪ್ರಕಾರ ಕೊನೆಗೆ ಇರಬೇಕಾದ ಒಟ್ಟು ತೂಕ, ಎರಡೂ ಒಂದೇ ಇರಬೇಕು. ಮೇಲಿನದರಲ್ಲಿ ಹಾಕಿದ್ದು 5.80 ಗ್ರಾಂ. ಕೊನೆಗೆ ಲೆಡ್ ಅಯೊಡೈಡ್ 3.46, ಪೊಟ್ಯಾಸಿಯಂ ನೈಟ್ರೇಟ್ 1.52, ಉಳಿದ ಲೆಡ್ ನೈಟ್ರೇಟ್ 0.83. ಕೂಡಿದರೆ 5.81, ಆ ಒಂದು ಅಂಕಿ ದಶಮಾಂಶಗಳನ್ನು ಹತ್ತಿರದ ಅಂಕಿಗೆ ಏರಿಸಿ ಬರೆದದ್ದರಿಂದ ಬಂದದ್ದು. ನನ್ನ ಹಳೇ ಲೆಕ್ಕದಲ್ಲಿ 4.61 ಗ್ರಾಂ ಲೆಡ್ ಅಯೊಡೈಡಿಗೆ ಬೇಕಾದಷ್ಟು ಅಯೊಡೈಡ್ ಬೀಕರಿನಲ್ಲೇ ಇರಲಿಲ್ಲ, ಕೂಡಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ನೀವೀಗ ಅಯೊಡೈಡನ್ನು 4.15 ಗ್ರಾಂ ಮಾಡಿ, ಲೆಡ್ ನೈಟ್ರೇಟ್ ಅಷ್ಟೇ ಇಟ್ಟು, ಸೂತ್ರ ನೋಡದೆ ಲೆಕ್ಕ ಹಾಕಿ. ಮೊದಲು ಮುಗಿಯುವುದು ಯಾವುದು, ಉಳಿಯುವುದು ಎಷ್ಟು, ಎರಡು ಟೆಸ್ಟ್‌ಟ್ಯೂಬುಗಳಲ್ಲಿ ಈ ಸಲ ಹಳದಿಯಾಗುವುದು ಯಾವುದು? ಕೊನೆಯ ತೂಕಗಳೆಲ್ಲ ಕೂಡಿ 7.46 ಗ್ರಾಂ ಬರಬೇಕು. ಬರದಿದ್ದರೆ ನಿಮ್ಮ ಹೆಜ್ಜೆಗಳನ್ನು ಕಾಮೆಂಟಿನಲ್ಲಿ ಹಾಕಿ, ನೋಡುತ್ತೇನೆ.